ಕೂಸಿನ ಉಸಿರು ನಿಂತರೆ: ಊದುವುದು, ಒತ್ತುವುದು

ಜಮಖಂಡಿ, ತೇರದಾಳ, ರಬಕವಿ ಕಡೆಯ ತೋಟದ ಮನೆಗಳಲ್ಲಿ ಒಂದು ವರ್ಷದೊಳಗಿನ ಕೂಸು ಇರುವ ತಾಯಿ-ತಂದೆ, ಅಜ್ಜ-ಅಜ್ಜಿಯರಿಗಾಗಿ ಇದನ್ನು ಬರೆದಿದ್ದೇವೆ. ಕಬ್ಬಿನ ನಡುವಿನ ಮನೆಗೆ ಆಂಬುಲೆನ್ಸ್ ಬಂದು ಮುಟ್ಟಲು ಹೊತ್ತು ಹಿಡಿಯುತ್ತದೆ. ಉಸಿರು ನಿಂತ ಕೂಸಿನ ಮಿದುಳಿಗೆ ಕೆಲವೇ ನಿಮಿಷಗಳಲ್ಲಿ ಪೆಟ್ಟು ಬೀಳಲು ಶುರುವಾಗುತ್ತದೆ. ಆ ನಿಮಿಷಗಳು ಮನೆಯವರ ಕೈಯಲ್ಲಿ ಇರುತ್ತವೆ.

ದೊಡ್ಡವರು ಕುಸಿದು ಬಿದ್ದಾಗ ಹೆಚ್ಚಾಗಿ ಮೊದಲು ನಿಲ್ಲುವುದು ಹೃದಯ. ಕೂಸಿನಲ್ಲಿ ಹಾಗಲ್ಲ. ಹಾಲು ಶ್ವಾಸಕ್ಕೆ ಹೋಗಿಯೋ, ನ್ಯುಮೋನಿಯಾದಿಂದಲೋ, ನೀರಿನ ಬುಟ್ಟಿಯಲ್ಲಿ ಮುಳುಗಿಯೋ ಮೊದಲು ಉಸಿರು ಹೋಗುತ್ತದೆ, ಆಮೇಲೆ ಹೃದಯ ಸೋಲುತ್ತದೆ. ಅದಕ್ಕೇ ಕೂಸಿಗೆ ಎದೆ ಒತ್ತಿದರಷ್ಟೇ ಸಾಲದು, ಗಾಳಿಯನ್ನೂ ಊದಬೇಕು.

ಮೊದಲು ನೋಡುವುದು ಇದು. ಹೆಸರು ಹಿಡಿದು ಜೋರಾಗಿ ಕೂಗಿ, ಅಂಗಾಲಿಗೆ ಬೆರಳಿನಿಂದ ತಟ್ಟಿ. ಅಲುಗಾಡಲಿಲ್ಲ, ಅಳಲಿಲ್ಲ ಎಂದರೆ ಅಂಗಿ ಮೇಲೆ ಸರಿಸಿ ಎದೆ-ಹೊಟ್ಟೆ ಏಳುತ್ತಿದೆಯೇ ನೋಡಿ. ಹತ್ತು ಸೆಕೆಂಡಿಗಿಂತ ಹೆಚ್ಚು ನೋಡುತ್ತ ಕೂಡಬೇಡಿ. ಮಲಗಿದ ಎಳೆಗೂಸು ನಡುನಡುವೆ ಕೆಲವು ಸೆಕೆಂಡು ಉಸಿರು ತಡೆದು ಮತ್ತೆ ಆಡುವುದುಂಟು. ಆ ಕೂಸಿನ ಮೈಬಣ್ಣ ಸರಿ ಇರುತ್ತದೆ, ತಟ್ಟಿದರೆ ಎಚ್ಚರಾಗುತ್ತದೆ. ಮೈ ಜೋತುಬಿದ್ದು, ತುಟಿ ನಾಲಿಗೆ ನೀಲಿಯಾಗಿ, ನೀರಿನಿಂದ ಹೊರಗೆ ತೆಗೆದ ಮೀನಿನಂತೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆಯುತ್ತಿದ್ದರೆ ಅದು ಉಸಿರಾಟವಲ್ಲ. ಅದನ್ನು ಉಸಿರೆಂದು ತಿಳಿದು ಕಾಯುವುದೇ ದೊಡ್ಡ ತಪ್ಪು.

ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರು ಕೂಡಲೇ 108ಕ್ಕೆ ಫೋನ್ ಮಾಡಲಿ. ಒಬ್ಬರೇ ಇದ್ದು ಫೋನ್ ಕೈಗೆ ಸಿಗುವಂತಿದ್ದರೆ ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟು ಕೆಲಸ ಶುರು ಮಾಡಿ. ಫೋನ್ ಹತ್ತಿರ ಇಲ್ಲದಿದ್ದರೆ ಮೊದಲು ಎರಡು ನಿಮಿಷ ಊದಿ ಒತ್ತಿ, ನಂತರ ಕೂಸನ್ನು ಎತ್ತಿಕೊಂಡೇ ಫೋನಿನ ಬಳಿ ಹೋಗಿ. ಹೇಳಬೇಕಾದ್ದು ಇಷ್ಟು: "ಐದು ತಿಂಗಳ ಕೂಸು, ಉಸಿರಾಡವಲ್ದು. ಜಮಖಂಡಿ ತಾಲೂಕು, ಇಂಥ ಊರು, ಕಾಲುವಿ ದಂಡಿಗೆ ಟಿಸಿ ಐತಿ, ಅದರ ಬಲಕ್ಕ ಎರಡನೇ ತೋಟದ ಮನಿ." ಊರಿನ ಹೆಸರೊಂದೇ ಹೇಳಿದರೆ ಗಾಡಿ ತೋಟ ತೋಟ ಹುಡುಕಬೇಕಾಗುತ್ತದೆ. ಒಬ್ಬರನ್ನು ಬೈಕ್ ಮೇಲೆ ಡಾಂಬರು ರಸ್ತೆಗೆ ಕಳಿಸಿ. ರಾತ್ರಿಯಾದರೆ ಬ್ಯಾಟರಿ ಹಿಡಿದು ನಿಲ್ಲಲಿ.

ಕೂಸನ್ನು ತೊಟ್ಟಿಲಲ್ಲಿ, ಕೌದಿ ಮೇಲೆ, ಹಾಸಿಗೆ ಮೇಲೆ ಬಿಡಬೇಡಿ. ಮೆತ್ತಗಿನ ಜಾಗದಲ್ಲಿ ಒತ್ತಿದರೆ ಎದೆಯ ಬದಲು ಹಾಸಿಗೆ ತಗ್ಗುತ್ತದೆ. ನೆಲದ ಮೇಲೋ ಮೇಜಿನ ಮೇಲೋ ಅಂಗಾತ ಮಲಗಿಸಿ. ಕೂಸಿನ ತಲೆಯ ಹಿಂಭಾಗ ದೊಡ್ಡದು, ಹಾಗೇ ಮಲಗಿಸಿದರೆ ಗದ್ದ ಎದೆಗೆ ಬಾಗಿ ಶ್ವಾಸನಾಳ ಮುಚ್ಚುತ್ತದೆ. ಅದಕ್ಕೆ ಭುಜದ ಕೆಳಗೆ ತೆಳ್ಳಗೆ ಮಡಚಿದ ಟವೆಲ್ ಇಟ್ಟು, ಮುಖ ನೇರ ಮೇಲೆ ಛಾವಣಿ ನೋಡುವಂತೆ ಮಾಡಿ. ಒಂದು ಬೆರಳಿನಿಂದ ಗದ್ದದ ಎಲುಬನ್ನು ತುಸು ಎತ್ತಿ. ಗಂಟಲಿನ ಮೆತ್ತಗಿನ ಭಾಗ ಒತ್ತಬೇಡಿ. ದೊಡ್ಡವರಿಗೆ ಮಾಡುವಂತೆ ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿದರೂ ಕೂಸಿನ ಎಳೆಯ ನಾಳ ಮುಚ್ಚಬಹುದು. ಬಾಯಲ್ಲಿ ಹಾಲು ಅಥವಾ ವಾಂತಿ ಇದ್ದರೆ ಮಗ್ಗುಲಿಗೆ ತಿರುಗಿಸಿ ಒರೆಸಿ. ಶೇಂಗಾ ಕಾಳು, ಹುಣಸೆ ಬೀಜ ಕಣ್ಣಿಗೆ ಕಂಡರೆ ತೆಗೆಯಿರಿ. ಕಾಣದಿದ್ದರೆ ಬೆರಳು ಹಾಕಿ ತಡಕಬೇಡಿ, ಅದು ಇನ್ನೂ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಈಗ ಊದುವುದು. ನಿಮ್ಮ ಬಾಯಿಂದ ಕೂಸಿನ ಬಾಯಿ ಮತ್ತು ಮೂಗು ಎರಡನ್ನೂ ಸೇರಿಸಿ ಮುಚ್ಚಿ. ಕೂಸಿನ ಮುಖ ದೊಡ್ಡದಾಗಿ ಎರಡೂ ಹಿಡಿಯದಿದ್ದರೆ ಅದರ ಬಾಯಿ ಮುಚ್ಚಿ ಹಿಡಿದು ಮೂಗಿನೊಳಗೆ ಊದಿ. ಒಂದು ಸೆಕೆಂಡು, ಮೆಲ್ಲಗೆ, ನಿಮ್ಮ ಗಲ್ಲ ತುಂಬುವಷ್ಟು ಗಾಳಿ ಸಾಕು. ಊದುವಾಗ ಕಣ್ಣು ಎದೆಯ ಮೇಲಿರಲಿ. ಎದೆ ಎದ್ದಿತೆಂದರೆ ಅಷ್ಟೇ ಬೇಕಾದ್ದು. ಬಾಯಿ ತೆಗೆದು ಅದು ಇಳಿಯಲು ಬಿಟ್ಟು ಮತ್ತೆ ಊದಿ. ಹೀಗೆ ಮೊದಲು ಐದು ಸಲ. ಗಾಬರಿಯಲ್ಲಿ ಎದೆ ತುಂಬ ಗಾಳಿ ಎಳೆದು ರಭಸದಿಂದ ಊದಿದರೆ ಅದು ಹೊಟ್ಟೆಗೆ ಹೋಗಿ, ಹೊಟ್ಟೆ ಉಬ್ಬಿ, ಹಾಲು ಮೇಲೆ ಬಂದು ಶ್ವಾಸಕ್ಕೆ ಇಳಿಯುತ್ತದೆ. ಎದೆ ಏಳಲೇ ಇಲ್ಲವೆಂದರೆ ಹೆಚ್ಚು ಜೋರಾಗಿ ಊದುವುದು ಪರಿಹಾರವಲ್ಲ. ತಲೆ ಮತ್ತೆ ಸರಿಮಾಡಿ, ಬಾಯಿಯೊಳಗೆ ನೋಡಿ, ನಿಮ್ಮ ತುಟಿಯ ಸಂದಿಯಿಂದ ಗಾಳಿ ಸೋರುತ್ತಿದೆಯೇ ನೋಡಿ, ಮತ್ತೆ ಊದಿ. ಐದು ಸಲ ಯತ್ನಿಸಿದ ಮೇಲೂ ಏಳದಿದ್ದರೆ ಅಲ್ಲೇ ನಿಲ್ಲದೆ ಒತ್ತಲು ಶುರು ಮಾಡಿ.

ಐದು ಸಲ ಊದಿದ ಮೇಲೂ ಕೂಸು ಅಲುಗಾಡದೆ, ಉಸಿರಾಡದೆ ಇದ್ದರೆ ಎದೆ ಒತ್ತಬೇಕು. ಎರಡು ಮೊಲೆತೊಟ್ಟುಗಳ ನಡುವೆ ಗೆರೆ ಎಳೆದಂತೆ ನೆನೆಸಿ, ಅದರ ಸ್ವಲ್ಪ ಕೆಳಗೆ, ನಟ್ಟನಡುವಿನ ಎಲುಬಿನ ಮೇಲೆ ಎರಡೂ ಹೆಬ್ಬೆರಳು ಇಡಿ. ಉಳಿದ ಬೆರಳುಗಳು ಎರಡೂ ಕಡೆಯಿಂದ ಎದೆಯನ್ನು ಬಳಸಿ ಬೆನ್ನಿಗೆ ಆಸರೆಯಾಗಲಿ. ಎಲುಬು ಮುಗಿದು ಹೊಟ್ಟೆ ಶುರುವಾಗುವ ತುದಿಯಲ್ಲಿ ಒತ್ತಬೇಡಿ. ಕೈ ಬಳಸಿ ಹಿಡಿಯಲು ಆಗದಿದ್ದರೆ ಒಂದೇ ಅಂಗೈಯ ಬುಡದಿಂದ ಒತ್ತಿ. ಎರಡು ಬೆರಳಿನ ತುದಿಯಿಂದ ಒತ್ತುವುದನ್ನು ಕಲಿತವರು ಇದ್ದಾರೆ. ಬೆರಳು ಬೇಗ ದಣಿದು ಒತ್ತು ಮೇಲುಮೇಲೇ ಆಗುತ್ತದೆ, ಹೆಬ್ಬೆರಳೇ ಮೇಲು.

ಸುಮಾರು 4 ಸೆಂಟಿಮೀಟರ್, ಅಂದರೆ ಎದೆಯ ದಪ್ಪದ ಮೂರನೇ ಒಂದು ಭಾಗದಷ್ಟು ಒಳಗೆ ಹೋಗಬೇಕು. ಇಷ್ಟು ಒತ್ತಲು ತಾಯಿಯ ಜೀವ ಅಂಜುತ್ತದೆ. ಆದರೂ ಒತ್ತಿ: ಮೇಲೆ ಮೇಲೆ ಒತ್ತಿದರೆ ರಕ್ತ ಮಿದುಳಿಗೆ ಮುಟ್ಟುವುದಿಲ್ಲ. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡಿ, ಹೃದಯಕ್ಕೆ ರಕ್ತ ತುಂಬುವುದು ಆಗಲೇ. ವೇಗ ನಿಮಿಷಕ್ಕೆ 100ರಿಂದ 120. ಮೂವತ್ತರ ತನಕ ಎಣಿಸುವಾಗ ಇಪ್ಪತ್ತೊಂದು, ಇಪ್ಪತ್ತೆರಡು ಎಂಬ ಉದ್ದ ಶಬ್ದಗಳು ಕೈಯನ್ನು ನಿಧಾನ ಮಾಡುತ್ತವೆ. ಅದಕ್ಕೆ "ಒಂದ, ಎರ್ಡ, ಮೂರ" ಎಂದು ಹತ್ತರ ತನಕ ಮೂರು ಸಲ ಜೋರಾಗಿ ಎಣಿಸಿ. ಹದಿನೈದರಿಂದ ಹದಿನೆಂಟು ಸೆಕೆಂಡಿನಲ್ಲಿ ಮೂವತ್ತು ಮುಗಿಯಬೇಕು.

ಮೂವತ್ತು ಒತ್ತಿದ ಕೂಡಲೇ ಎರಡು ಸಲ ಊದಿ. ಮತ್ತೆ ಮೂವತ್ತು, ಮತ್ತೆ ಎರಡು. ನಡುವಿನ ಬಿಡುವು ಹತ್ತು ಸೆಕೆಂಡು ದಾಟಬಾರದು. ಇಬ್ಬರಿದ್ದರೆ ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಿ. ಕೆಲವು ತರಬೇತಿಗಳಲ್ಲಿ ಮೊದಲ ಐದು ಉಸಿರು ಬಿಟ್ಟು ನೇರ ಮೂವತ್ತು ಒತ್ತುವುದರಿಂದ ಶುರು ಮಾಡಲು ಕಲಿಸುತ್ತಾರೆ. ಹಾಗೆ ಕಲಿತಿದ್ದರೆ ಹಾಗೇ ಮಾಡಿ, ಯಾವುದು ಸರಿ ಎಂದು ಯೋಚಿಸುತ್ತ ಹೊತ್ತು ಕಳೆಯಬೇಡಿ. 108ರವರು ಫೋನಿನಲ್ಲಿ ಹೇಳಿಕೊಡುತ್ತಿದ್ದರೆ ಅವರ ಮಾತಿನಂತೆ ನಡೆಯಿರಿ.

ಆ ಹೊತ್ತಿನಲ್ಲಿ ಸುತ್ತ ನೆರೆದವರು ಏನೇನೋ ಹೇಳುತ್ತಾರೆ. ಕಾಲು ಹಿಡಿದು ತಲೆಕೆಳಗೆ ಮಾಡುವುದು, ಅಲ್ಲಾಡಿಸುವುದು, ಮುಖಕ್ಕೆ ನೀರು ಎರಚುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ಬಾಯಿಗೆ ನೀರು ಅಥವಾ ಗುಟ್ಟಿ ಹಾಕುವುದು, ಯಾವುದನ್ನೂ ಮಾಡಬೇಡಿ. ಎಚ್ಚರವಿಲ್ಲದ ಕೂಸಿನ ಬಾಯಿಗೆ ಹಾಕಿದ್ದು ಶ್ವಾಸಕ್ಕೇ ಹೋಗುತ್ತದೆ. ಬೈಕ್ ಮೇಲೆ ಕೂಸನ್ನು ಹಿಡಿದು ದವಾಖಾನೆಗೆ ಓಡುವುದೂ ಬೇಡ. ದಾರಿಯುದ್ದಕ್ಕೂ ಊದಲಾಗುವುದಿಲ್ಲ, ಒತ್ತಲಾಗುವುದಿಲ್ಲ.

ಇದನ್ನು ಗೊಂಬೆಯ ಮೇಲೆ ನಾಲ್ಕು ಸಲ ಮಾಡಿ ನೋಡಿ. ಆರಾಮಿರುವ ಕೂಸಿನ ಮೇಲೆ ಎಂದಿಗೂ ರೂಢಿ ಮಾಡಬೇಡಿ.

ಕೂಸು ಅತ್ತರೆ, ಕೈಕಾಲು ಆಡಿಸಿ ಸರಿಯಾಗಿ ಉಸಿರಾಡತೊಡಗಿದರೆ ಒತ್ತುವುದನ್ನು ನಿಲ್ಲಿಸಿ. ತಲೆ ತುಸು ಕೆಳಗಿರುವಂತೆ ಮಗ್ಗುಲಿಗೆ ಹಿಡಿದು, ಬೆಚ್ಚಗೆ ಹೊದಿಸಿ, ಉಸಿರನ್ನೇ ನೋಡುತ್ತಿರಿ; ಮತ್ತೆ ನಿಂತರೆ ಮತ್ತೆ ಶುರು ಮಾಡಿ. ಚೇತರಿಸಿತೆಂದು ಮನೆಯಲ್ಲೇ ಉಳಿಯದೆ ದವಾಖಾನೆಗೆ ಹೋಗಲೇಬೇಕು. ಚೇತರಿಸದಿದ್ದರೆ 108ರವರು ಬಂದು ತಾವು ಕೈ ಹಾಕುವ ತನಕ ಬಿಡಬೇಡಿ. ಅವರಿಗೆ ಹೇಳಬೇಕಾದ್ದು: ಉಸಿರು ನಿಂತದ್ದು ಎಷ್ಟು ಗಂಟೆಗೆ, ಅದಕ್ಕೂ ಮೊದಲು ಏನು ಕುಡಿಸಿದಿರಿ, ಜ್ವರ ಕೆಮ್ಮು ಇತ್ತೇ, ಊದಿದಾಗ ಎದೆ ಏಳುತ್ತಿತ್ತೇ.