ನಾಗರಿಕ ಸೇವೆಗಳ ಪೋರ್ಟಲ್‌ಗೆ ತಮಗೆ ಸ್ವಾಗತ

ನಮಸ್ಕಾರ.

ಆದಾಯ ಪ್ರಮಾಣಪತ್ರ, ಜನನ ಮತ್ತು ಮರಣ ನೋಂದಣಿಯ ದಾಖಲೆ, ವೃದ್ಧಾಪ್ಯ ಮತ್ತು ವಿಧವಾ ಪಿಂಚಣಿ, ವಿದ್ಯಾರ್ಥಿವೇತನ ಇವುಗಳಿಗೆ ತಾವು ಈ ಪೋರ್ಟಲ್ ಮೂಲಕ ಅರ್ಜಿ ಸಲ್ಲಿಸಬಹುದು. ಮುಂದುವರಿಯುವ ಮೊದಲು, ನಾವು ಯಾವುದರಲ್ಲಿ ನೆರವಾಗಬಲ್ಲೆವು ಮತ್ತು ಯಾವುದು ನಮ್ಮ ಅಧಿಕಾರಕ್ಕೆ ಸೇರಿಲ್ಲ ಎಂಬುದನ್ನು ದಯವಿಟ್ಟು ಓದಿಕೊಳ್ಳಿ.

ತಮ್ಮ ಅಗತ್ಯಕ್ಕೆ ಯಾವ ಅರ್ಜಿ ಹೊಂದುತ್ತದೆ, ಅದಕ್ಕೆ ಯಾವ ದಾಖಲೆಗಳು ಬೇಕು, ಪ್ರಕಟಿತ ನಿಯಮಗಳಲ್ಲಿ ಅರ್ಹತೆಯ ಬಗ್ಗೆ ಏನು ಹೇಳಲಾಗಿದೆ ಎಂಬುದನ್ನು ಸಹಾಯ ವಿಭಾಗದ ಸಿಬ್ಬಂದಿ ತಮಗೆ ವಿವರಿಸುತ್ತಾರೆ. ಅರ್ಜಿ ತುಂಬುವಾಗ ಅಡಚಣೆಯಾದರೆ, ದಾಖಲೆ ಅಪ್‌ಲೋಡ್ ಆಗದಿದ್ದರೆ, ಶುಲ್ಕ ಕಡಿತವಾಗಿಯೂ ರಸೀದಿ ಬಾರದಿದ್ದರೆ ನಮಗೆ ತಿಳಿಸಿ. ಆದರೆ ಅರ್ಜಿಯನ್ನು ಮಂಜೂರು ಮಾಡುವ ಅಥವಾ ತಿರಸ್ಕರಿಸುವ ಅಧಿಕಾರ ಇರುವುದು ಸಂಬಂಧಪಟ್ಟ ಇಲಾಖೆಯ ಸಕ್ಷಮ ಅಧಿಕಾರಿಗೆ ಮಾತ್ರ. ಆದ್ದರಿಂದ ನಮ್ಮ ಸಿಬ್ಬಂದಿ ‘ತಾವು ಅರ್ಹರಿರಬಹುದು’ ಎಂದು ಹೇಳಿದರೆ, ಅದು ತಾವು ನೀಡಿದ ಮಾಹಿತಿಯನ್ನು ನಿಯಮದೊಂದಿಗೆ ಹೋಲಿಸಿ ಹೇಳಿದ ಮಾತೇ ಹೊರತು ಇಲಾಖೆಯ ಆದೇಶವಲ್ಲ. ಅದನ್ನು ನಂಬಿಕೊಂಡು ಸಾಲ ಪಡೆಯುವುದಾಗಲಿ, ಇತರರಿಗೆ ಹಣದ ಭರವಸೆ ಕೊಡುವುದಾಗಲಿ ಬೇಡವೆಂದು ಕಳಕಳಿಯಿಂದ ಕೋರುತ್ತೇವೆ.

ಅರ್ಜಿ ಸಲ್ಲಿಸಿದ ಕೂಡಲೇ ತಮ್ಮ ಮೊಬೈಲ್‌ಗೆ ಬರುವ ಸ್ವೀಕೃತಿ ಸಂಖ್ಯೆಯ ವಿಷಯದಲ್ಲಿ ಅನೇಕರಿಗೆ ತಪ್ಪು ತಿಳಿವಳಿಕೆಯಾಗುತ್ತದೆ. ಅರ್ಜಿ ನಮ್ಮ ವ್ಯವಸ್ಥೆಯಲ್ಲಿ ದಾಖಲಾಗಿದೆ ಎಂಬುದಕ್ಕೆ ಮಾತ್ರ ಆ ಸಂಖ್ಯೆ ಆಧಾರ. ಪರದೆಯಲ್ಲಿ ‘ಪರಿಶೀಲನೆಯಲ್ಲಿದೆ’ ಎಂದು ಕಾಣುತ್ತಿರುವವರೆಗೆ ನಿರ್ಧಾರವಾಗಿಲ್ಲವೆಂದೇ ತಿಳಿಯಬೇಕು. ಶುಲ್ಕ ಪಾವತಿಸಿದ್ದೂ ಮಂಜೂರಾತಿಗೆ ಖಾತರಿಯಲ್ಲ. ಪ್ರತಿ ಸೇವೆಯ ಎದುರು ನಮೂದಿಸಿರುವ ದಿನಗಳು ವಿಲೇವಾರಿಗೆ ನಿಗದಿಯಾದ ಅವಧಿ. ಆ ಅವಧಿಯೊಳಗೆ ಬರುವ ಉತ್ತರ ತಿರಸ್ಕಾರವೂ ಆಗಿರಬಹುದು.

ಅರ್ಜಿಗಳು ಹಿಂದಿರುಗಲು ನಾವು ಮತ್ತೆ ಮತ್ತೆ ಕಾಣುವ ಕಾರಣವೆಂದರೆ ಹೆಸರಿನ ವ್ಯತ್ಯಾಸ. ಪಿಂಚಣಿಗೆ ಅರ್ಜಿ ಹಾಕಿದ ತಾಯಿಯೊಬ್ಬರ ಹೆಸರು ಗುರುತಿನ ಚೀಟಿಯಲ್ಲಿ ‘ಲಕ್ಷ್ಮಮ್ಮ’ ಎಂದೂ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ‘ಲಕ್ಷ್ಮೀದೇವಿ’ ಎಂದೂ, ಪತಿಯ ಮರಣ ಪ್ರಮಾಣಪತ್ರದಲ್ಲಿ ಬೇರೊಂದು ರೀತಿಯಲ್ಲಿಯೂ ಇದ್ದರೆ, ಮೂರೂ ಹೆಸರು ಒಬ್ಬರದೇ ಎಂದು ಊರಿಗೆಲ್ಲ ತಿಳಿದಿದ್ದರೂ ಕಡತವನ್ನು ನೋಡುವ ಅಧಿಕಾರಿ ದಾಖಲೆಯ ಆಧಾರದ ಮೇಲೆಯೇ ತೀರ್ಮಾನಿಸಬೇಕಾಗುತ್ತದೆ. ಸಲ್ಲಿಸುವ ಮುನ್ನ ಎಲ್ಲ ದಾಖಲೆಗಳನ್ನೂ ಒಟ್ಟಿಗೆ ಇಟ್ಟುಕೊಂಡು ಹೆಸರು, ಜನ್ಮದಿನಾಂಕ, ತಂದೆ ಅಥವಾ ಪತಿಯ ಹೆಸರು, ವಿಳಾಸ ಇವನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ಯಾವ ದಾಖಲೆಯನ್ನು ಎಲ್ಲಿ ತಿದ್ದಿಸಬೇಕು, ಇಲ್ಲವೇ ಪ್ರಮಾಣ ಮಾಡಿ ಬರೆದುಕೊಡುವ ಅಫಿಡವಿಟ್ ಸಲ್ಲಿಸಲು ಅವಕಾಶವಿದೆಯೇ ಎಂಬುದನ್ನು ನಾವು ಹೇಳಬಲ್ಲೆವು. ಆ ಅಫಿಡವಿಟ್ಟನ್ನು ಒಪ್ಪುವುದು ಬಿಡುವುದು ಅಧಿಕಾರಿಗೆ ಬಿಟ್ಟದ್ದು. ತಿದ್ದಿಸಲು ಕೆಲವು ದಿನ ಹಿಡಿದರೂ, ತಪ್ಪಿರುವ ಅರ್ಜಿಯನ್ನು ಅವಸರದಲ್ಲಿ ಸಲ್ಲಿಸಿ ಮತ್ತೆ ಮೊದಲಿನಿಂದ ಆರಂಭಿಸುವುದಕ್ಕಿಂತ ಅದೇ ಮೇಲೆಂಬುದು ನಮ್ಮ ಅನುಭವ.

ಅರ್ಜಿ ತಿರಸ್ಕೃತವಾದರೆ ಇಲಾಖೆಯ ಲಿಖಿತ ಉತ್ತರವಾದ ಹಿಂಬರಹದ ಪ್ರತಿಯನ್ನು ತಪ್ಪದೆ ಇಳಿಸಿಕೊಳ್ಳಿ. ಅದರಲ್ಲಿ ನಮೂದಾಗಿರುವ ಕಾರಣವನ್ನು ಸರಳವಾದ ಮಾತಿನಲ್ಲಿ ತಮಗೆ ತಿಳಿಸಿಕೊಡುತ್ತೇವೆ. ಕೊರತೆ ಸರಿಪಡಿಸಿ ಹೊಸದಾಗಿ ಅರ್ಜಿ ಹಾಕಬಹುದೇ, ಮೇಲ್ಮನವಿಗೆ ಅವಕಾಶವಿದ್ದರೆ ಅದನ್ನು ಯಾರಿಗೆ, ಎಷ್ಟು ದಿನಗಳೊಳಗೆ ಸಲ್ಲಿಸಬೇಕು ಎಂಬುದನ್ನೂ ತೋರಿಸುತ್ತೇವೆ. ಮೇಲ್ಮನವಿಯ ಫಲವನ್ನು ಮಾತ್ರ ಮುಂದಾಗಿ ಹೇಳಲಾರೆವು. ತಮ್ಮ ಪ್ರಕರಣದಲ್ಲಿ ಕಾನೂನಿನ ಸಲಹೆ ಬೇಕೆನಿಸಿದರೆ ವಕೀಲರನ್ನು ಅಥವಾ ಉಚಿತ ಕಾನೂನು ನೆರವಿನ ಕೇಂದ್ರವನ್ನು ಕಾಣುವುದು ಒಳಿತು.

ಹಣ ಪಡೆದು ಮಂಜೂರು ಮಾಡಿಸಿಕೊಡುತ್ತೇವೆ ಎನ್ನುವವರ ಮಾತನ್ನು ದಯವಿಟ್ಟು ನಂಬಬೇಡಿ. ನಮ್ಮ ಸಿಬ್ಬಂದಿ ತಮ್ಮ ಒಟಿಪಿಯನ್ನಾಗಲಿ ಪಾಸ್‌ವರ್ಡನ್ನಾಗಲಿ ಎಂದಿಗೂ ಕೇಳುವುದಿಲ್ಲ. ಬೇರೊಬ್ಬರಿಂದ ಅರ್ಜಿ ತುಂಬಿಸಿಕೊಂಡರೂ ಮೊಬೈಲ್ ಸಂಖ್ಯೆ ಮಾತ್ರ ತಮ್ಮದೇ ಇರಲಿ. ಇಲ್ಲದಿದ್ದರೆ ದಾಖಲೆ ಕೋರುವ ಸಂದೇಶ ಅವರಿಗೆ ಹೋಗಿ, ತಮಗೆ ತಿಳಿಯುವ ಹೊತ್ತಿಗೆ ಗಡುವು ಮುಗಿದಿರುತ್ತದೆ.

ಸಹಾಯ ವಿಭಾಗವು ಕೆಲಸದ ದಿನಗಳಲ್ಲಿ ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ ತೆರೆದಿರುತ್ತದೆ. ಓದಲು ಬರೆಯಲು ಕಷ್ಟವಿರುವವರು ‘ಕರೆ ಮಾಡಲು ಕೋರಿ’ ಗುಂಡಿಯನ್ನು ಒತ್ತಿದರೆ ನಾವೇ ಫೋನ್ ಮಾಡುತ್ತೇವೆ. ಈಗಾಗಲೇ ಅರ್ಜಿ ಹಾಕಿರುವವರು ಸ್ವೀಕೃತಿ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡು ‘ಅರ್ಜಿಯ ಸ್ಥಿತಿ’ಯನ್ನೂ, ಹೊಸಬರು ‘ಸೇವೆಗಳ ಪಟ್ಟಿ’ಯನ್ನೂ ಆರಿಸಿಕೊಳ್ಳಿ.