ತುಲನಾ ಪಟ್ಟಿ: ಹೈಸ್ಕೂಲ್ ವಿಭಾಗಕ್ಕೆ ಇಬ್ಬರು ಕೂರುವ 120 ಡೆಸ್ಕ್ ಖರೀದಿ, 3 ಕೊಟೇಶನ್‌ಗಳ ಲೆಕ್ಕ

ಖರೀದಿ ಸಮಿತಿಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ ನಮಸ್ಕಾರ.

ಕವರ್ ತೆರೆದ ದಿನ: 5-4-2025, ಶನಿವಾರ
ಸಮಿತಿ ಸಭೆ: 7-4-2025, ಸೋಮವಾರ
ಮಾಲು ಇಳಿಸುವ ಜಾಗ: ತಿಪಟೂರಿನ ನಮ್ಮ ಶಾಲೆ, ಮೊದಲ ಮಹಡಿ
ಕೇಳಿದ ಮಾಲು: ಇಬ್ಬರು ಕೂರುವ ಸ್ಟೀಲ್ ಡೆಸ್ಕ್, 25 × 25 ಮಿ.ಮೀ. ಚೌಕ ಪೈಪು, ದಪ್ಪ 1.6 ಮಿ.ಮೀ. (16 ಗೇಜ್), 18 ಮಿ.ಮೀ. ಲ್ಯಾಮಿನೇಟ್ ಬೋರ್ಡು, ಪೌಡರ್ ಕೋಟಿಂಗ್
ಹಣದ ಷರತ್ತು: ಮುಂಗಡ ಇಲ್ಲ. ಮಾಲು ನೋಡಿಕೊಂಡ ಮೇಲೆ 90%, ಒಂದು ತಿಂಗಳ ನಂತರ 10%

ಕೊಟೇಶನ್ 1 ಬೆಂಗಳೂರಿನ ಪೀಣ್ಯದ ತಯಾರಕರದು. 2 ತಮಿಳುನಾಡಿನ ಹೊಸೂರಿನವರದು. 3 ನಮ್ಮ ತಿಪಟೂರಿನವರೇ, ಸ್ವಂತ ವರ್ಕ್‌ಶಾಪ್ ಇರುವವರು.

| ವಿವರ (ರೂಪಾಯಿಗಳಲ್ಲಿ) | 1. ಪೀಣ್ಯ | 2. ಹೊಸೂರು | 3. ತಿಪಟೂರು |
|---|---|---|---|
| ಒಂದು ಡೆಸ್ಕಿನ ಮೂಲ ದರ | 5,150 | 5,480 | 6,300 |
| 120 ಡೆಸ್ಕಿಗೆ | 6,18,000 | 6,57,600 | 7,56,000 |
| ಪ್ಯಾಕಿಂಗ್ | 12,360 (2%) | ದರದಲ್ಲೇ ಸೇರಿದೆ | ಸೇರಿದೆ |
| ಲಾರಿ ಬಾಡಿಗೆ | 14,000 | ಸೇರಿದೆ | ಸೇರಿದೆ |
| ತೆರಿಗೆ ಬೀಳುವ ಮೊತ್ತ | 6,44,360 | 6,57,600 | – |
| ಜಿಎಸ್‌ಟಿ 18% | 1,15,984.80 | 1,18,368 (ಐಜಿಎಸ್‌ಟಿ) | ಹಾಕುವಂತಿಲ್ಲ |
| ಬಿಲ್ ಮೊತ್ತ | 7,60,344.80 | 7,75,968 | 7,56,000 |
| ಇಳಿಸಿ ಮಹಡಿಗೆ ಸಾಗಿಸುವ ಹಮಾಲಿ (ಡೆಸ್ಕಿಗೆ 30) | 3,600 | 3,600 | ಅವರದೇ |
| ಜೋಡಣೆ (ಡೆಸ್ಕಿಗೆ 40) | 4,800 | ಜೋಡಿಸಿಯೇ ತರುತ್ತಾರೆ | ಅವರದೇ |
| ಒಟ್ಟು ಲ್ಯಾಂಡೆಡ್ ಕಾಸ್ಟ್ | 7,68,744.80 | 7,79,568 | 7,56,000 |
| ಒಂದು ಡೆಸ್ಕಿಗೆ ಬೀಳುವುದು | 6,406.21 | 6,496.40 | 6,300 |
| ಸ್ಥಾನ | ಎಲ್-2 | ಎಲ್-3 | ಎಲ್-1 |

ಮೇಲಿನ ಮೊದಲ ಸಾಲು ಮಾತ್ರ ನೋಡಿದರೆ ಪೀಣ್ಯದವರೇ ಅಗ್ಗ, ತಿಪಟೂರಿನವರೇ ದುಬಾರಿ. ಕೆಳಗಿನ ಸಾಲಿಗೆ ಬರುವಾಗ ಇದು ತಿರುಗಿದೆ. ಹೇಗೆ ಅಂತ ಸಭೆಯಲ್ಲಿ ಖಂಡಿತ ಕೇಳುತ್ತೀರಿ. ಅದಕ್ಕೆ ಒಂದೊಂದಾಗಿ ಬರೆದಿದ್ದೇನೆ.

ಪೀಣ್ಯದ ಕೊಟೇಶನ್. ಇದನ್ನು ದಯವಿಟ್ಟು ಸಾವಕಾಶವಾಗಿ ಓದಿ. ಅವರು ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದಿರುವ ಒಟ್ಟು ಮೊತ್ತ 7,55,600. ಅಂದರೆ ತಿಪಟೂರಿನವರಿಗಿಂತ 400 ರೂಪಾಯಿ ಕಡಿಮೆ. ಪಟ್ಟಿಯಲ್ಲಿ ನಾನು ಆ ಮೊತ್ತ ಹಾಕಿಲ್ಲ. ಅವರು 18% ಜಿಎಸ್‌ಟಿಯನ್ನು ಡೆಸ್ಕಿನ ಬೆಲೆಗೆ ಮಾತ್ರ ಲೆಕ್ಕ ಹಾಕಿದ್ದಾರೆ: 1,11,240. ಪ್ಯಾಕಿಂಗ್ ಮತ್ತು ಲಾರಿ ಬಾಡಿಗೆಯನ್ನು ತೆರಿಗೆ ಆದಮೇಲೆ ಕೆಳಗೆ ಸೇರಿಸಿದ್ದಾರೆ. ಆದರೆ ಮಾಲು ಮಾರುವವರೇ ತಮ್ಮ ಬಿಲ್ಲಿನಲ್ಲಿ ಪ್ಯಾಕಿಂಗ್, ಸಾಗಣೆ ಹಾಕಿದರೆ ಅದೂ ಮಾಲಿನ ಬೆಲೆಯ ಭಾಗವೇ. ಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್ ಹೇಳುವುದು ಇದನ್ನೇ. ಮಾಲಿಗೆ ಎಷ್ಟು ದರವೋ ಇವಕ್ಕೂ ಅಷ್ಟೇ. 26,360ಕ್ಕೆ 18% ಅಂದರೆ 4,744.80. ಶನಿವಾರ ಸಂಜೆಯೇ ಅವರಿಗೆ ಮೇಲ್ ಹಾಕಿ ಕೇಳಿದೆ. ಬಿಲ್ಲಿನಲ್ಲಿ ತೆರಿಗೆ ಪೂರ್ತಿ ಮೊತ್ತದ ಮೇಲೆಯೇ ಬರುತ್ತದೆ ಎಂದು ಉತ್ತರ ಕೊಟ್ಟಿದ್ದಾರೆ. ಆ ಮೇಲ್ ಕಡತದಲ್ಲಿದೆ.

ಅವರ ದರ ಕಾರ್ಖಾನೆ ಬಾಗಿಲಿನದು. ಡೆಸ್ಕುಗಳು ಬಿಡಿಬಿಡಿಯಾಗಿ ಬರುತ್ತವೆ. ಇಳಿಸುವುದು, ಬೋಲ್ಟ್ ಹಾಕಿ ನಿಲ್ಲಿಸುವುದು ನಮ್ಮ ತಲೆ ಮೇಲೆ. ಒಂದು ವೇಳೆ ಅವರು ಬರೆದ 7,55,600ಕ್ಕೇ ಕೊಡುತ್ತೇನೆ ಅಂದರೂ ಹಮಾಲಿ, ಜೋಡಣೆ ಸೇರಿ 7,64,000 ಆಗುತ್ತದೆ. ಆಗಲೂ ಸ್ಥಾನ ಬದಲಾಗುವುದಿಲ್ಲ.

ಹೊಸೂರಿನ ಕೊಟೇಶನ್. ದರದಲ್ಲಿ ಶಾಲೆ ಗೇಟಿನ ತನಕ ಎಲ್ಲ ಸೇರಿದೆ. ಹೊರರಾಜ್ಯದವರಾದ್ದರಿಂದ ಐಜಿಎಸ್‌ಟಿ. ನಮ್ಮ ಜೇಬಿಗೆ ಅದೂ 18%, ಇದೂ 18%, ವ್ಯತ್ಯಾಸ ಇಲ್ಲ. 2% ರಿಯಾಯಿತಿ ಕೊಡುತ್ತೇವೆ ಎಂದಿದ್ದಾರೆ, ಆದರೆ ಅರ್ಧ ಹಣ ಮುಂಗಡ ಕೊಟ್ಟರೆ ಮಾತ್ರ. ಮುಂಗಡ ಇಲ್ಲ ಎಂದು ನಾವು ಮೂವರಿಗೂ ಹೇಳಿದ್ದೇವೆ. ಉಳಿದಿಬ್ಬರು ಆ ಷರತ್ತಿಗೆ ಒಪ್ಪಿ ದರ ಕೊಟ್ಟಿರುವಾಗ ಇವರೊಬ್ಬರ ರಿಯಾಯಿತಿಯನ್ನು ಲೆಕ್ಕಕ್ಕೆ ಹಿಡಿಯುವುದು ನ್ಯಾಯವಲ್ಲ. ಹಿಡಿದರೆ 7,64,048.64 ಬರುತ್ತದೆ, ಎಲ್-2 ಆಗುತ್ತಾರೆ, ಅಷ್ಟೇ. ಸ್ಯಾಂಪಲ್‌ಗಳಲ್ಲಿ ಫಿನಿಶಿಂಗ್ ಚೆನ್ನಾಗಿರುವುದು ಇವರದೇ. ವಾರಂಟಿಯೂ 5 ವರ್ಷ. ಇದನ್ನು ಮುಚ್ಚಿಡಬಾರದು.

ತಿಪಟೂರಿನ ಕೊಟೇಶನ್. ಇವರು ಜಿಎಸ್‌ಟಿಯಲ್ಲಿ ಕಾಂಪೊಸಿಷನ್ ಸ್ಕೀಮಿನವರು. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ತಮ್ಮ ವಹಿವಾಟಿನ ಮೇಲಿನ ತೆರಿಗೆಯನ್ನು ಕೈಯಿಂದ ಕಟ್ಟಬೇಕು. ಟ್ಯಾಕ್ಸ್ ಇನ್‌ವಾಯ್ಸ್ ಬದಲು ಬಿಲ್ ಆಫ್ ಸಪ್ಲೈ ಕೊಡುತ್ತಾರೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅವರ ನಂಬರ್ ಹಾಕಿ ನೋಡಿದೆ, ಕಾಂಪೊಸಿಷನ್ ಎಂದೇ ತೋರಿಸುತ್ತದೆ, ನೋಂದಣಿ ಚಾಲ್ತಿಯಲ್ಲಿದೆ. ಪ್ರಿಂಟ್ ಲಗತ್ತಿಸಿದೆ.

ನಮ್ಮಂಥ ಶಾಲೆಗೆ ಇದು ದೊಡ್ಡ ವ್ಯತ್ಯಾಸ ಮಾಡುತ್ತದೆ. ಶಿಕ್ಷಣ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಹಾಗಾಗಿ ನಾವು ಕಟ್ಟಿದ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗಲ್ಲ. ಪೀಣ್ಯದವರಿಗೆ ಕೊಡಬೇಕಾದ 1,15,984.80 ಪೂರ್ತಿ ನಮ್ಮ ಖರ್ಚೇ, ವಾಪಸ್ ಬರುವ ದಾರಿಯೇ ಇಲ್ಲ. ಕ್ರೆಡಿಟ್ ಸಿಗುವ ಕಾರ್ಖಾನೆ ಇದೇ ಡೆಸ್ಕ್ ಕೊಂಡರೆ ಪೀಣ್ಯದ ಮಾಲು 6,52,760ಕ್ಕೆ ಬೀಳುತ್ತಿತ್ತು, ತಿಪಟೂರಿನವರು ಕೊನೆ ಸ್ಥಾನಕ್ಕೆ ಹೋಗುತ್ತಿದ್ದರು. ಬೇರೆ ಕಡೆ ಕೆಲಸ ಮಾಡುವ ಸದಸ್ಯರು ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ತಂದರೆ ಉತ್ತರ ತಪ್ಪುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಸ್ಯಾಂಪಲ್ ನೋಡಿದ್ದು. ಮೂರೂ ಡೆಸ್ಕುಗಳ ಪೈಪನ್ನು ದೈಹಿಕ ಶಿಕ್ಷಕರ ಎದುರಿಗೇ ವರ್ನಿಯರ್ ಹಿಡಿದು ಅಳೆದೆವು. ಮೂರೂ 1.6 ಮಿ.ಮೀ. ಇವೆ, ಬೋರ್ಡೂ ಸರಿ ಇದೆ. ತಿಪಟೂರಿನವರ ಡೆಸ್ಕಿನಲ್ಲಿ ಒಂದು ಕೊರತೆ ಕಂಡಿತು. ಕಾಲಿಡುವ ಪಟ್ಟಿಯ ಕೆಳಗಿನ ವೆಲ್ಡಿಂಗ್ ಸರಿಯಾಗಿ ಗ್ರೈಂಡ್ ಮಾಡಿಲ್ಲ. ಬೆರಳಾಡಿಸಿದರೆ ಚುಚ್ಚುತ್ತದೆ. ಹೆಣ್ಣುಮಕ್ಕಳ ಲಂಗದ ಅಂಚು ಸಿಕ್ಕಿಕೊಂಡು ಹರಿಯುವುದು ಅಲ್ಲೇ. ಅವರನ್ನೇ ಕರೆಸಿ ತೋರಿಸಿದೆ. ಸರಿ ಮಾಡಿದ ಸ್ಯಾಂಪಲ್ ತಂದಿಡುತ್ತೇನೆ ಎಂದಿದ್ದಾರೆ. ಅದು ಬಂದು, ನಾವು ನೋಡುವ ತನಕ ಆರ್ಡರ್ ಪತ್ರ ಹೋಗಬಾರದು.

ಗಡುವು. ಪೀಣ್ಯ 25 ದಿನ, ಹೊಸೂರು 20 ದಿನ, ತಿಪಟೂರು 40 ದಿನ. ಮೇ ಕೊನೆಗೆ ಶಾಲೆ ಶುರು. ತಿಪಟೂರಿನವರಿಗೆ ಏಪ್ರಿಲ್ 8ಕ್ಕೆ ಆರ್ಡರ್ ಕೊಟ್ಟರೆ ಮೇ 18ಕ್ಕೆ ಮುಗಿಯಬೇಕು. ಕೈಯಲ್ಲಿ ಉಳಿಯುವ ದಿನ ಜಾಸ್ತಿ ಇಲ್ಲ. ಮೊದಲ 60 ಡೆಸ್ಕನ್ನು 25 ದಿನದಲ್ಲಿ ಕೊಡಲು ಒಪ್ಪಿದ್ದಾರೆ, ಅದು ಬರಹದಲ್ಲಿ ಬರಲಿ.

ಕಚೇರಿಯ ಶಿಫಾರಸು. ಕೊಟೇಶನ್ 3, ಒಟ್ಟು 7,56,000 ರೂಪಾಯಿ. ಎಲ್-2ಗಿಂತ 12,744.80 ಕಡಿಮೆ. ಆರ್ಡರ್ ಪತ್ರದಲ್ಲಿ ಈ ಷರತ್ತುಗಳು ಇರಲೇಬೇಕು:

- 6,300 ಅಂತಿಮ ದರ. ಮಧ್ಯದಲ್ಲಿ ಅವರ ವಹಿವಾಟು 1.5 ಕೋಟಿ ದಾಟಿ ಸ್ಕೀಮಿನಿಂದ ಹೊರಬಂದರೂ ಜಿಎಸ್‌ಟಿ ಇದರೊಳಗೇ, ಮೇಲೆ ಒಂದು ರೂಪಾಯಿಯೂ ಇಲ್ಲ.
- ವಾರಂಟಿ 2 ವರ್ಷದ ಬದಲು 3 ವರ್ಷ. ಪೀಣ್ಯದವರು ಕೊಡುವಷ್ಟು ಇವರೂ ಕೊಡಲಿ. ಮಾತಾಡುವುದಿದ್ದರೆ ಎಲ್-1 ಜೊತೆ ಮಾತ್ರ, ಉಳಿದವರ ಜೊತೆ ಬೇಡ.
- ತಡವಾದರೆ ವಾರಕ್ಕೆ 0.5% ಕಡಿತ, ಗರಿಷ್ಠ 5%.

ಹೊಸ ಸ್ಯಾಂಪಲ್ ಸೋಮವಾರ ಸಭೆಗೆ ಮುಂಚೆ ಬರದಿದ್ದರೆ ತೀರ್ಮಾನವನ್ನು ಬುಧವಾರಕ್ಕೆ ಮುಂದೂಡಿ. ಮೂರೂ ಕೊಟೇಶನ್‌ಗಳು ಏಪ್ರಿಲ್ 30ರ ತನಕ ಚಾಲ್ತಿಯಲ್ಲಿವೆ.

ಲಗತ್ತು: ಮೂಲ ಕೊಟೇಶನ್‌ಗಳು 3, ಪೀಣ್ಯದವರ ಮೇಲ್, ಜಿಎಸ್‌ಟಿ ಪೋರ್ಟಲ್ ಪ್ರಿಂಟ್, ಸ್ಯಾಂಪಲ್ ಅಳತೆಯ ಹಾಳೆ.

ಲೆಕ್ಕಪತ್ರ ವಿಭಾಗ, ಶಾಲಾ ಕಚೇರಿ
6-4-2025