ನಿಮ್ಮ ಕರೆಂಟ್ ಬಿಲ್ ಓದೋಣ ಬನ್ನಿ

ನಮಸ್ಕಾರ. ಬಿಲ್ ಕೈಯಲ್ಲಿ ಹಿಡಿದುಕೊಳ್ಳಿ. ಮೇಲಿರುವ ಆರ್.ಆರ್. ನಂಬರ್ ನಿಮ್ಮ ಮನೆಯದೇ ಅಲ್ವಾ, ನೋಡಿ.

ಈಗ ರೀಡಿಂಗ್ ಸಾಲು. ಇದು ತುಂಬಾ ಮುಖ್ಯ. ಉದಾಹರಣೆಗೆ, ಒಂದು ಬಿಲ್‌ನಲ್ಲಿ ಹಿಂದಿನದು 4312, ಈಗಿನದು 4498 ಅಂದುಕೊಳ್ಳಿ. ಕಳೆದರೆ 186 ಯೂನಿಟ್. ಸುಮ್ನೆ ನಂಬಬೇಡಿ, ಮೀಟರ್ ಹತ್ತಿರ ಹೋಗಿ ನೋಡಿ. ಅಲ್ಲಿ ಬಿಲ್‌ನ ಈಗಿನ ರೀಡಿಂಗ್‌ಗಿಂತ ಕಡಿಮೆ ಇದ್ದರೆ ಬಿಲ್ ತಪ್ಪಾಗಿದೆ. ಫೋಟೋ ತೆಗೆದು 1912ಕ್ಕೆ ಕರೆ ಮಾಡಿ.

ನಿಗದಿತ ಶುಲ್ಕ ಮಂಜೂರಾದ ಲೋಡ್ ಮೇಲೆ ಬೀಳುತ್ತದೆ. ಮನೆಗೆ ಬೀಗ ಹಾಕಿದ್ದರೂ ಬರುತ್ತದೆ. ಬಳಸಿದ ಯೂನಿಟ್‌ಗೆ ವಿದ್ಯುತ್ ಶುಲ್ಕ, ಅದರ ಮೇಲೆ 9% ತೆರಿಗೆ.

ಗೃಹಜ್ಯೋತಿ ಇದೆಯಾ? ನಿಮ್ಮ ಅರ್ಹತೆ 140 ಯೂನಿಟ್ ಇದ್ದು 186 ಬಳಸಿದ್ದರೆ, ಜಾಸ್ತಿಯಾದ 46 ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ಕೊನೆಗೆ, ‘ಬಾಕಿ’ ಸಾಲು. ಹೋದ ತಿಂಗಳು ಕಟ್ಟಿದ್ದರೂ ಅಲ್ಲಿ ಮೊತ್ತ ಕಂಡರೆ, ರಸೀದಿ ಹಿಡಿದು ಉಪವಿಭಾಗದ ಕಚೇರಿಗೆ ಹೋಗಿ.